"ನಿಮ್ಮ ಬಗ್ಗೆ ಸ್ವಲ್ಪ ಹೇಳಿ": ಸಂದರ್ಶನದ ಮೊದಲ ಪ್ರಶ್ನೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಕೌಂಟ್ಸ್ ವಿಭಾಗಕ್ಕೆ ಜನರನ್ನು ಆರಿಸುವ ಸಂದರ್ಶನಗಳಲ್ಲಿ ನಾನು ಹಲವು ವರ್ಷ ಮೇಜಿನ ಆ ಕಡೆ ಕೂತಿದ್ದೇನೆ. ಅದಕ್ಕೂ ಮೊದಲು ಈ ಕಡೆ ಕೂತು, ಇದೇ ಪ್ರಶ್ನೆಗೆ ಬೆವರಿದ್ದೂ ಇದೆ. ಕೆಲಸ ಬದಲಾಯಿಸಲು ಹೊರಟ ಸ್ನೇಹಿತರು, ಅವರ ತಮ್ಮ ತಂಗಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಕೆಲವು ವರ್ಷ ಕೆಲಸ ಮಾಡಿ ಮುಂದಿನ ಕೆಲಸಕ್ಕೆ ಹೋಗುತ್ತಿರುವವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಈಗಷ್ಟೇ ಓದು ಮುಗಿಸಿದವರಿಗೂ ಕೆಳಗೆ ಒಂದು ಪ್ರಶ್ನೆ ಇದೆ.

ರೆಸ್ಯೂಮೆ ಅವರ ಕೈಯಲ್ಲೇ ಇರುತ್ತೆ. ಮತ್ತೆ ಯಾಕೆ ಕೇಳ್ತಾರೆ?

ನಿಜ ಹೇಳಬೇಕೆಂದರೆ, ಬಹಳ ಸಲ ಅವರು ಅದನ್ನು ಸರಿಯಾಗಿ ಓದಿರುವುದಿಲ್ಲ. ಹಿಂದಿನ ಮೀಟಿಂಗ್ ಮುಗಿಸಿ, ನಡೆದುಕೊಂಡು ಬರುತ್ತಾ ಒಂದು ಸಲ ಕಣ್ಣಾಡಿಸಿರುತ್ತಾರೆ. ನಾನೂ ಹಾಗೆ ಮಾಡಿದ್ದೇನೆ. ನೀವು ಮಾತಾಡುವ ಆ ಒಂದು ನಿಮಿಷದಲ್ಲಿ ಅವರು ಹಾಳೆ ನೋಡಿಕೊಂಡು ನಿಮ್ಮ ಮಾತು ಕೇಳುತ್ತಾರೆ.

ಕೇಳುತ್ತಾ ಅವರು ಮೂರು ವಿಷಯ ಹುಡುಕುತ್ತಿರುತ್ತಾರೆ. ನೀವು ಈಗ ಮಾಡುತ್ತಿರುವ ಕೆಲಸ ಯಾವುದು, ಅದಕ್ಕೂ ಈ ಕೆಲಸಕ್ಕೂ ಏನು ನಂಟು, ಮುಂದೆ ನಿಮ್ಮನ್ನು ಏನು ಕೇಳಬಹುದು. ಈ ಮೂರನೆಯದನ್ನು ಯಾರೂ ಯೋಚಿಸುವುದೇ ಇಲ್ಲ. ನನ್ನ ಕೈಯಲ್ಲಿ ಪೆನ್ನು ಇರುತ್ತೆ. ನೀವು ಹೇಳಿದ್ದರಲ್ಲಿ ಕಿವಿಗೆ ಬಿದ್ದ ಒಂದೆರಡು ಪದ ಬರೆದುಕೊಳ್ಳುತ್ತೇನೆ. ನಿಮ್ಮ ಮಾತು ಮುಗಿದ ಕೂಡಲೇ ಅದರ ಬಗ್ಗೆಯೇ ಕೇಳುತ್ತೇನೆ. ಅಂದರೆ ಮುಂದಿನ ಹತ್ತು ನಿಮಿಷದ ಪ್ರಶ್ನೆಪತ್ರಿಕೆಯನ್ನು ಅರ್ಧ ನೀವೇ ಬರೆದುಕೊಟ್ಟ ಹಾಗೆ. ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯವನ್ನು ಅಲ್ಲಿ ಇಟ್ಟರೆ ಅದೇ ಪ್ರಶ್ನೆ ಬರುತ್ತೆ. ಒಂದೇ ಸಲ ಮುಟ್ಟಿದ ಸಾಫ್ಟ್‌ವೇರ್ ಹೆಸರನ್ನು ಸುಮ್ನೆ ಭಾರಕ್ಕೆ ಅಂತ ಸೇರಿಸಿದರೆ ಅದೂ ಬರುತ್ತೆ.

ಎಷ್ಟು ಹೊತ್ತು ಮಾತಾಡಬೇಕು?

ಒಂದರಿಂದ ಒಂದೂವರೆ ನಿಮಿಷ. ಎರಡು ನಿಮಿಷ ದಾಟಿದರೆ ಎದುರಿನವರ ಕಣ್ಣು ಹಾಳೆ ಕಡೆ ಹೋಗುತ್ತೆ. ಮೂವತ್ತು ಸೆಕೆಂಡಿಗೇ ನಿಲ್ಲಿಸಿದರೆ ಕೇಳಲು ಅವರಿಗೆ ಏನೂ ಸಿಗುವುದಿಲ್ಲ, ಕಷ್ಟಪಟ್ಟು ರೆಸ್ಯೂಮೆಯಿಂದ ಏನಾದರೂ ಹೆಕ್ಕಬೇಕಾಗುತ್ತದೆ.

ಪದ ಎಣಿಸುವ ಗೋಜಿಗೆ ಹೋಗಬೇಡಿ. ಫೋನಿನಲ್ಲಿ ರೆಕಾರ್ಡ್ ಆನ್ ಮಾಡಿ, ಸಾಧಾರಣ ವೇಗದಲ್ಲಿ ಜೋರಾಗಿ ಹೇಳಿ, ಸಮಯ ನೋಡಿ. ಮನಸ್ಸಿನಲ್ಲೇ ಓದಿಕೊಂಡರೆ ಲೆಕ್ಕ ತಪ್ಪುತ್ತೆ. ಮನಸ್ಸು ಬಾಯಿಗಿಂತ ಜೋರಾಗಿ ಓಡುತ್ತಲ್ವಾ, ಮನಸ್ಸಿನಲ್ಲಿ ಒಂದು ನಿಮಿಷಕ್ಕೆ ಮುಗಿದದ್ದು ಬಾಯಲ್ಲಿ ಎರಡು ನಿಮಿಷ ಆಗಿಬಿಡುತ್ತೆ.

ಎಲ್ಲಿಂದ ಶುರು ಮಾಡಲಿ? ಓದಿದ್ದರಿಂದಲಾ?

ಈಗ ಮಾಡುತ್ತಿರುವ ಕೆಲಸದಿಂದ. ಮೊದಲು ಈಗಿನದು, ಆಮೇಲೆ ಹಿಂದಿನದರಲ್ಲಿ ಬೇಕಾದಷ್ಟು, ಕೊನೆಗೆ ಈ ಕೆಲಸಕ್ಕೆ ಯಾಕೆ ಬಂದಿರಿ ಅನ್ನುವುದು. ಇಷ್ಟೇ ಕ್ರಮ.

ಶಾಲೆ, ಕಾಲೇಜು, ಮೊದಲ ಕೆಲಸ, ಎರಡನೇ ಕೆಲಸ ಅಂತ ಕಾಲಕ್ರಮದಲ್ಲಿ ಹೋದರೆ ಏನಾಗುತ್ತೆ ಗೊತ್ತಾ? ನಿಮ್ಮ ಅತ್ಯಂತ ಉಪಯೋಗದ ಮಾತು ಕಟ್ಟಕಡೆಗೆ ಬರುತ್ತೆ. ಅಷ್ಟರಲ್ಲಿ ಕೇಳುವವರು ಸುಸ್ತಾಗಿರುತ್ತಾರೆ, ನೀವೂ ಹೊತ್ತಾಯಿತು ಅಂತ ಗಡಿಬಿಡಿಯಲ್ಲಿ ಅದನ್ನು ಅರ್ಧ ವಾಕ್ಯದಲ್ಲಿ ಮುಗಿಸಿಬಿಡುತ್ತೀರಿ. ಕೆಲವು ವರ್ಷ ಕೆಲಸ ಮಾಡಿದವರ ಡಿಗ್ರಿಗೆ ಒಂದು ಪದ ಸಾಕು, ಬಿಟ್ಟರೂ ಪರವಾಗಿಲ್ಲ. ಹೆಸರು ಹೇಳಿ ಶುರು ಮಾಡುವುದು ಕೂಡ ಬೇಡ. ಈಗ ತಾನೇ ನಿಮ್ಮನ್ನು ಹೆಸರು ಹಿಡಿದು ಒಳಗೆ ಕರೆದಿದ್ದಾರೆ.

ಒಂದು ಪೂರ್ತಿ ಉದಾಹರಣೆ ಕೊಡ್ತೀರಾ?

ಕೊಡುತ್ತೇನೆ, ಸ್ವಲ್ಪ ಉದ್ದ ಇದೆ. ನನ್ನ ಹಳೇ ಸಹೋದ್ಯೋಗಿಯ ತಂಗಿ ಒಬ್ಬಳು ಸಂದರ್ಶನಕ್ಕೆ ಎರಡು ದಿನ ಇರುವಾಗ ಬಂದಳು. ಆರು ವರ್ಷದ ಅನುಭವ. ಎರಡು ವರ್ಷ ಕಸ್ಟಮರ್ ಕೇರ್, ಆಮೇಲೆ ನಾಲ್ಕು ವರ್ಷ ಯಂತ್ರದ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ವೆಂಡರ್‌ಗಳ ಬಿಲ್ ಪಾವತಿ ಮಾಡುವ ಕೆಲಸ. ಅವಳು ಅರ್ಜಿ ಹಾಕಿದ್ದೂ ಅದೇ ಥರದ ಕೆಲಸಕ್ಕೆ, ಒಂದು ಮೆಟ್ಟಿಲು ಮೇಲಿನದು. "ನಿನ್ನ ಬಗ್ಗೆ ಹೇಳು" ಅಂದೆ. ಹೀಗೆ ಶುರುವಾಯಿತು:

"ನಾನು ಬಿ.ಕಾಂ. ಮುಗಿಸಿದ್ದೇನೆ. ಆಮೇಲೆ ಎರಡು ವರ್ಷ ಕಸ್ಟಮರ್ ಕೇರ್‌ನಲ್ಲಿ ಕೆಲಸ ಮಾಡಿದೆ. ನಂತರ ಈಗಿನ ಕಂಪನಿಗೆ ಅಕೌಂಟ್ಸ್ ಅಸಿಸ್ಟೆಂಟ್ ಆಗಿ ಸೇರಿದೆ. ಇಲ್ಲಿ ಬಿಲ್ ಎಂಟ್ರಿ, ಪೇಮೆಂಟ್, ರಿಕನ್ಸಿಲಿಯೇಶನ್, ವೆಂಡರ್ ಕಮ್ಯುನಿಕೇಶನ್, ರಿಪೋರ್ಟಿಂಗ್ ಎಲ್ಲ ನೋಡಿಕೊಳ್ಳುತ್ತೇನೆ. ನಾನು ಹಾರ್ಡ್ ವರ್ಕಿಂಗ್, ಟೀಮ್ ಪ್ಲೇಯರ್, ಬೇಗ ಕಲಿಯುತ್ತೇನೆ."

ಇದರಲ್ಲಿ ಸುಳ್ಳು ಏನೂ ಇಲ್ಲ. ಆದರೆ ಪೆನ್ನು ಹಿಡಿದು ಕೂತರೂ ನನಗೆ ಬರೆದುಕೊಳ್ಳಲು ಒಂದು ಪದವೂ ಸಿಗಲಿಲ್ಲ. ಬಿಲ್ ವಿಭಾಗದಲ್ಲಿರುವ ಯಾರು ಬೇಕಾದರೂ ಇದೇ ಐದು ಪದ ಹೇಳಬಹುದು.

ಮೊದಲು ಕೆಲಸದ ಜಾಹೀರಾತು ತೆಗೆದೆವು. ಉದ್ದದ ಪಟ್ಟಿ, ಹದಿನಾಲ್ಕು ಅಂಶ. ಪಟ್ಟಿಯ ಮೇಲ್ಭಾಗದಲ್ಲಿ ಬಂದದ್ದು, ಎರಡೆರಡು ಸಲ ಬೇರೆ ಬೇರೆ ಪದದಲ್ಲಿ ಬಂದದ್ದು ಯಾವುದು ಅಂತ ಗುರುತು ಹಾಕಿದೆವು. ಮೂರು ಉಳಿದವು. ತುಂಬಾ ಬಿಲ್‌ಗಳನ್ನು ತಪ್ಪಿಲ್ಲದೆ ಪಾಸ್ ಮಾಡುವುದು, ವೆಂಡರ್‌ಗಳ ತಕರಾರು ಬಗೆಹರಿಸುವುದು, ಕಂಪನಿ ಹೊಸ ಸಾಫ್ಟ್‌ವೇರ್‌ಗೆ ಬದಲಾಗುವಾಗ ಜೊತೆಗಿರುವುದು. ಉಳಿದ ಹನ್ನೊಂದು ಸಾಮಾನ್ಯವಾಗಿ ಎಲ್ಲ ಜಾಹೀರಾತಿನಲ್ಲೂ ಇರುವಂಥವು.

ಆಮೇಲೆ ಅವಳನ್ನು ಕೇಳಿದೆ, ದಿನಾ ಬೆಳಿಗ್ಗೆ ಕೂತು ಏನು ಮಾಡ್ತೀಯಾ? ಬಿಲ್ ಬರುತ್ತೆ, ಅದನ್ನು ಪರ್ಚೇಸ್ ಆರ್ಡರ್ ಜೊತೆ, ಸ್ಟೋರ್‌ನವರು ಮಾಲು ಬಂತು ಅಂತ ಕೊಟ್ಟ ರಸೀದಿ ಜೊತೆ ತಾಳೆ ನೋಡುತ್ತೇನೆ, ಮೂರೂ ಕೂಡಿಬಂದರೆ ಪಾಸ್, ಇಲ್ಲದಿದ್ದರೆ ತಡೆಹಿಡಿಯುತ್ತೇನೆ ಅಂದಳು. ತಿಂಗಳಿಗೆ ಎಷ್ಟು? ಟೀಮಿಗೆಲ್ಲ ಸೇರಿ ಸುಮಾರು 600, ಅರ್ಧಕ್ಕಿಂತ ಜಾಸ್ತಿ ನನ್ನದೇ. ನೋಡಿ, ಈ ಸಂಖ್ಯೆ ಅವಳ ರೆಸ್ಯೂಮೆಯಲ್ಲೇ ಇರಲಿಲ್ಲ.

ನೀನು ಬಂದ ಮೇಲೆ ಅಲ್ಲಿ ಏನಾದರೂ ಬದಲಾಯಿತಾ ಅಂತ ಕೇಳಿದರೆ "ಅಂಥದ್ದೇನಿಲ್ಲ" ಅಂದಳು. ಹತ್ತು ನಿಮಿಷ ಬೇರೆ ಏನೋ ಮಾತಾಡಿದ ಮೇಲೆ ತಾನಾಗೇ ಬಂತು. ಒಂದು ಸಲ ಒಬ್ಬ ವೆಂಡರ್ ಒಂದೇ ಬಿಲ್ ಅನ್ನು ಮೇಲ್‌ನಲ್ಲೂ ಕಳಿಸಿದ್ದ, ಕಾಗದದಲ್ಲೂ ಕಳಿಸಿದ್ದ. ಎಂಟ್ರಿ ಮಾಡುವಾಗ ಒಬ್ಬರು ಬಿಲ್ ನಂಬರಿನ ಮಧ್ಯೆ ಅಡ್ಡಗೆರೆ ಹಾಕಿದ್ದರು, ಇನ್ನೊಬ್ಬರು ಹಾಕಿರಲಿಲ್ಲ. ಸಾಫ್ಟ್‌ವೇರ್ ಕಣ್ಣಿಗೆ ಅವು ಎರಡು ಬೇರೆ ಬಿಲ್. ಎರಡಕ್ಕೂ ದುಡ್ಡು ಹೋಯಿತು. ಅದು ಗೊತ್ತಾದ ಮೇಲೆ ಇವಳು ಬಿಲ್ ನಂಬರ್ ಬಿಟ್ಟು, ವೆಂಡರ್, ಮೊತ್ತ, ತಾರೀಖು ಮೂರೂ ಒಂದೇ ಇರುವ ಎಂಟ್ರಿಗಳನ್ನು ವಾರಕ್ಕೊಮ್ಮೆ ಶೀಟ್‌ನಲ್ಲಿ ತೆಗೆದು ನೋಡಲು ಶುರು ಮಾಡಿದಳು. ಮೊದಲ ಸಲ ತೆಗೆದಾಗಲೇ 7 ಜೋಡಿ ಸಿಕ್ಕವು, ಅದರಲ್ಲಿ 2 ಆಗಲೇ ಎರಡು ಸಲ ಪಾವತಿ ಆಗಿದ್ದವು. ಒಂದೇ ವೆಂಡರ್ ಪಟ್ಟಿಯಲ್ಲಿ ಎರಡು ಹೆಸರಲ್ಲಿ ಇದ್ದದ್ದೂ ಆಗ ಕಂಡಿತು, ಅವನ್ನೂ ಒಂದು ಮಾಡಿದಳು.

ಇದನ್ನು ಯಾಕೆ ಮೊದಲೇ ಹೇಳಲಿಲ್ಲ ಅಂದರೆ, "ಅಯ್ಯೋ, ಅದು ಸಣ್ಣ ಕೆಲಸ, ಅದನ್ನೇನು ಹೇಳೋದು" ಅಂದಳು. ಎಲ್ಲರೂ ಇಲ್ಲೇ ಎಡವುತ್ತಾರೆ. ದಿನಾ ಮಾಡುವ ಕೆಲಸ ನಮ್ಮ ಕಣ್ಣಿಗೆ ಸಣ್ಣದಾಗಿ ಕಾಣುತ್ತೆ.

ಎರಡನೇ ದಿನದ ಹೊತ್ತಿಗೆ ಅವಳ ಉತ್ತರ ಹೀಗಿತ್ತು:

"ನಾನು ಈಗ ಯಂತ್ರದ ಬಿಡಿಭಾಗ ಮಾಡುವ ಕಂಪನಿಯಲ್ಲಿ ವೆಂಡರ್ ಬಿಲ್‌ಗಳ ಪಾವತಿ ನೋಡಿಕೊಳ್ಳುತ್ತೇನೆ, ನಾಲ್ಕು ವರ್ಷ ಆಯಿತು. ತಿಂಗಳಿಗೆ ಸುಮಾರು 600 ಬಿಲ್ ಬರುತ್ತವೆ, ಅರ್ಧಕ್ಕಿಂತ ಜಾಸ್ತಿ ನನ್ನ ಕೈಯಿಂದ ಪಾಸ್ ಆಗುತ್ತವೆ. ಕಳೆದ ವರ್ಷ ಒಂದೇ ಬಿಲ್ ಎರಡು ಸಲ ಎಂಟ್ರಿ ಆಗುತ್ತಿರುವುದು ಗಮನಕ್ಕೆ ಬಂತು. ಪಾವತಿಗೆ ಮೊದಲು ಅದನ್ನು ಹಿಡಿಯಲು ವಾರಕ್ಕೊಮ್ಮೆ ಒಂದು ಚೆಕ್ ಶುರು ಮಾಡಿದೆ, ಈಗ ಇಡೀ ಟೀಮ್ ಅದನ್ನು ಬಳಸುತ್ತದೆ. ಇದಕ್ಕೆ ಮೊದಲು ಎರಡು ವರ್ಷ ಕಸ್ಟಮರ್ ಕೇರ್‌ನಲ್ಲಿದ್ದೆ. ಅದು ಅಕೌಂಟ್ಸ್ ಕೆಲಸವಲ್ಲ, ಆದರೆ ದುಡ್ಡು ಬಂದಿಲ್ಲ ಅಂತ ಸಿಟ್ಟಲ್ಲಿ ಫೋನ್ ಮಾಡುವ ವೆಂಡರ್ ಜೊತೆ ಸಮಾಧಾನವಾಗಿ ಮಾತಾಡಲು ಕಲಿತದ್ದು ಅಲ್ಲೇ. ನೀವು ಹೊಸ ಸಾಫ್ಟ್‌ವೇರ್‌ಗೆ ಬದಲಾಗುತ್ತಿದ್ದೀರಿ ಅಂತ ಜಾಹೀರಾತಿನಲ್ಲಿ ನೋಡಿದೆ. ಅಂಥ ಬದಲಾವಣೆಯಲ್ಲಿ ನಾನು ಇನ್ನೂ ಇದ್ದಿಲ್ಲ. ವೆಂಡರ್ ಪಟ್ಟಿ ಸರಿಪಡಿಸುವ ಕೆಲಸ ಮಾಡಿದ್ದೇನೆ, ಆ ಕಡೆಯ ಕೆಲಸ ಇನ್ನೂ ಮಾಡಬೇಕು ಅನ್ನುವ ಆಸೆ ಇದೆ. ಅದಕ್ಕೇ ಅರ್ಜಿ ಹಾಕಿದೆ."

ಒಂದು ನಿಮಿಷ ಚಿಲ್ಲರೆ. ಜಾಹೀರಾತಿನ ಮೂರಕ್ಕೂ ಒಂದೊಂದು ಮಾತು ಇದೆ. ಮಾಡದೇ ಇದ್ದ ಕೆಲಸವನ್ನು ಮಾಡಿದ್ದೇನೆ ಅಂತ ಎಲ್ಲೂ ಹೇಳಿಲ್ಲ. 7 ಜೋಡಿ ಸಿಕ್ಕ ವಿಷಯ, ಅಡ್ಡಗೆರೆಯ ಕಥೆ ಎರಡನ್ನೂ ಬೇಕಂತಲೇ ಒಳಗೆ ಇಟ್ಟುಕೊಂಡೆವು. ಅದು ಮುಂದಿನ ಪ್ರಶ್ನೆಗೆ ಉತ್ತರ.

ಈ ಕೆಲಸಕ್ಕೆ ಸಂಬಂಧವೇ ಇಲ್ಲದ ಹಳೇ ಕೆಲಸ ಇದ್ದರೆ? ಬಿಟ್ಟುಬಿಡಲಾ?

ಪೂರ್ತಿ ಬಿಟ್ಟರೆ ರೆಸ್ಯೂಮೆಯಲ್ಲಿ ಅದು ಕಂಡು, ಯಾಕೆ ಮುಚ್ಚಿಟ್ಟರು ಅನಿಸಬಹುದು. ಒಂದು ವಾಕ್ಯ ಕೊಡಿ. ಮೇಲಿನ ಉತ್ತರದಲ್ಲಿ ಕಸ್ಟಮರ್ ಕೇರ್ ಬಗ್ಗೆ ಎಷ್ಟು ಫೋನ್ ತೆಗೆದೆ, ಯಾವ ಶಿಫ್ಟ್ ಮಾಡಿದೆ ಅಂತ ಏನೂ ಇಲ್ಲ. ಅಲ್ಲಿಂದ ಈ ಕೆಲಸಕ್ಕೆ ದಾಟಿಬಂದ ಒಂದೇ ವಿಷಯ ಇದೆ. ಅದು ಸಾಕು.

ಆದರೆ ನಂಟು ಇಲ್ಲದ ಕಡೆ ಎಳೆದು ಕಟ್ಟಬೇಡಿ. ಒಬ್ಬರು ನನ್ನ ಮುಂದೆ, ಫೋಟೋ ಸ್ಟುಡಿಯೋದಲ್ಲಿ ಕೆಲಸ ಮಾಡಿದ್ದರಿಂದ ಲೆಡ್ಜರ್‌ನಲ್ಲಿ ಸೂಕ್ಷ್ಮ ದೃಷ್ಟಿ ಬಂತು ಅಂದರು. ಕೂತಿದ್ದ ಮೂವರೂ ಹಾಳೆ ಕಡೆ ತಲೆ ತಗ್ಗಿಸಿದೆವು, ನಗು ಕಾಣಬಾರದಲ್ಲ. "ಮೊದಲ ವರ್ಷ ಬೇರೆ ಕ್ಷೇತ್ರದಲ್ಲಿದ್ದೆ, ಆಮೇಲೆ ಅಕೌಂಟ್ಸ್‌ಗೆ ಬಂದೆ" ಅಂದಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ.

ಕೆಲಸ ಬಹಳ ಬದಲಾಯಿಸಿದ್ದರೆ ಒಂದೊಂದಾಗಿ ಹೇಳಲು ಹೋಗಬೇಡಿ, ಒಟ್ಟುಗೂಡಿಸಿ. "ಅದಕ್ಕೆ ಮೊದಲು ಮೂರು ಸಣ್ಣ ಕಂಪನಿಗಳಲ್ಲಿದ್ದೆ, ಮೂರರಲ್ಲೂ ಬಿಲ್ಲಿಂಗ್ ಕೆಲಸವೇ." ಮುಗಿಯಿತು.

ಬಾಯಿಪಾಠ ಮಾಡಿದ ಹಾಗೆ ಕೇಳಿಸುತ್ತೆ ಅಂತ ಎಲ್ಲರೂ ಹೇಳ್ತಾರೆ. ಏನು ಮಾಡಲಿ?

ಬಾಯಿಪಾಠ ಮಾಡಿದ್ದೀರಿ, ಹಾಗಾಗಿ ಹಾಗೆ ಕೇಳಿಸುತ್ತೆ. ಪೂರ್ತಿ ಉತ್ತರವನ್ನು ವಾಕ್ಯ ವಾಕ್ಯವಾಗಿ ಬರೆದು ಉರು ಹೊಡೆದರೆ, ಬರೆಯುವ ಭಾಷೆ ಬಾಯಲ್ಲಿ ಬರುತ್ತೆ. "ಜವಾಬ್ದಾರಿಯನ್ನು ನಿರ್ವಹಿಸುತ್ತಿದ್ದೇನೆ" ಅಂತ ಮನೆಯಲ್ಲಿ ಯಾರಿಗಾದರೂ ಹೇಳುತ್ತೀರಾ? "ನೋಡಿಕೊಳ್ಳುತ್ತೇನೆ" ಅನ್ನುತ್ತೀರಿ ಅಲ್ವಾ. ಇಷ್ಟೇ ಅಲ್ಲ, ಮಧ್ಯೆ ಒಂದು ಪದ ಮರೆತರೆ ಮುಂದಿನದೆಲ್ಲ ಕೈಕೊಡುತ್ತೆ, ಮತ್ತೆ ಮೊದಲಿಂದ ಶುರು ಮಾಡಬೇಕು.

ನಾನು ಹೇಳಿಕೊಡುವ ದಾರಿ ಹೀಗಿದೆ. ಒಂದು ಚೀಟಿಯಲ್ಲಿ ಐದು ಪದ ಬರೆಯಿರಿ, ವಾಕ್ಯ ಬೇಡ. ಮೇಲಿನ ಹುಡುಗಿಯ ಚೀಟಿಯಲ್ಲಿ ಇದ್ದದ್ದು ಇಷ್ಟು: ಬಿಲ್ 600, ಎರಡು ಸಲ, ಸಿಟ್ಟಿನ ಫೋನ್, ವೆಂಡರ್ ಪಟ್ಟಿ, ಯಾಕೆ ಇಲ್ಲಿ. ಚೀಟಿ ನೋಡಿಕೊಂಡು ಜೋರಾಗಿ ಹೇಳಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿ, ಈ ಸಲ ವಾಕ್ಯ ಬೇರೆ ಆಗಿರುತ್ತೆ, ಆಗಲಿ ಬಿಡಿ. ಆರೇಳು ಸಲ ಆದ ಮೇಲೆ ಐದು ನಿಲ್ದಾಣ ಗಟ್ಟಿಯಾಗಿ ನಿಲ್ಲುತ್ತವೆ, ಮಧ್ಯದ ದಾರಿ ಪ್ರತಿ ಸಲ ಸ್ವಲ್ಪ ಬೇರೆ. ಮೊದಲ ವಾಕ್ಯ ಒಂದನ್ನು ಮಾತ್ರ ಗಟ್ಟಿ ಮಾಡಿಕೊಳ್ಳಿ. ಭಯ ಜಾಸ್ತಿ ಇರುವುದು ಮೊದಲ ಐದು ಸೆಕೆಂಡು, ಅದು ದಾಟಿದರೆ ಮಾತು ತಾನಾಗಿ ಬರುತ್ತೆ.

ರೆಕಾರ್ಡ್ ಕೇಳುವಾಗ ಎರಡು ಕಡೆ ಕಿವಿಗೊಡಿ. ಎಲ್ಲಿ ಉಸಿರಿಲ್ಲದೆ ಓಡಿದ್ದೀರಿ, ಅಲ್ಲಿ ವಾಕ್ಯ ಉದ್ದ ಆಗಿದೆ, ಎರಡು ಮಾಡಿ. ಎಲ್ಲಿ ದನಿ ಚಪ್ಪಟೆ ಆಗಿದೆ, ಅಲ್ಲಿ ನಿಮ್ಮದಲ್ಲದ ಪದ ಕೂತಿದೆ. ಹೆಚ್ಚಿನ ಸಲ ಅದು ರೆಸ್ಯೂಮೆಯಿಂದ ಎತ್ತಿದ ಪದವೇ ಆಗಿರುತ್ತೆ.

ಸಂದರ್ಶನ ಇಂಗ್ಲಿಷ್‌ನಲ್ಲಿ ಇದ್ದರೆ?

ಕನ್ನಡದಲ್ಲಿ ಬರೆದು ಅನುವಾದ ಮಾಡಿಕೊಳ್ಳಬೇಡಿ. ಚೀಟಿಯ ಐದು ಪದಗಳನ್ನೇ ಇಂಗ್ಲಿಷ್‌ನಲ್ಲಿ ಬರೆದು, ಮೊದಲ ಸಲದಿಂದಲೇ ಇಂಗ್ಲಿಷ್‌ನಲ್ಲಿ ಹೇಳಿ ನೋಡಿ. ನಿಮಗೆ ಗೊತ್ತಿರುವ ಸಣ್ಣ ಪದಗಳೇ ಸಾಕು. ಕೆಲಸದ ಪದಗಳು ಹೇಗೂ ಇಂಗ್ಲಿಷ್‌ನಲ್ಲೇ ಬಾಯಿಗೆ ಬರುತ್ತವೆ. ಸಣ್ಣ ವಾಕ್ಯ ಹೇಳಿದವರನ್ನು ಯಾರೂ ಕೀಳಾಗಿ ನೋಡುವುದಿಲ್ಲ. ದೊಡ್ಡ ವಾಕ್ಯ ಶುರು ಮಾಡಿ ಮಧ್ಯದಲ್ಲಿ ಸಿಕ್ಕಿಕೊಂಡರೆ ಕೇಳುವವರಿಗೂ ಕಸಿವಿಸಿ.

ಸಂಖ್ಯೆಗಳನ್ನು ಹೇಳಲೇಬೇಕಾ?

ಒಂದೋ ಎರಡೋ ಸಾಕು. ಕಿವಿಯಲ್ಲಿ ಕೇಳಿದ ಸಂಖ್ಯೆ ನಿಲ್ಲುವುದು ಕಷ್ಟ. ತಿಂಗಳಿಗೆ 600 ಬಿಲ್ ಅಂದರೆ ನನಗೆ ಆ ಕೆಲಸದ ಗಾತ್ರ ಗೊತ್ತಾಗುತ್ತೆ. ಅದರ ಹಿಂದೆಯೇ ಶೇಕಡಾವಾರು, ದಿನಗಳ ಲೆಕ್ಕ, ಉಳಿಸಿದ ಮೊತ್ತ ಎಲ್ಲ ಬಂದರೆ ಯಾವುದೂ ಉಳಿಯುವುದಿಲ್ಲ.

ಹೇಳುವ ಸಂಖ್ಯೆ ಎಲ್ಲಿಂದ ಬಂತು ಅಂತ ಎರಡು ವಾಕ್ಯದಲ್ಲಿ ವಿವರಿಸಲು ಬರಬೇಕು. "ಕೆಲಸದ ವೇಗ 40 ಪರ್ಸೆಂಟ್ ಹೆಚ್ಚಿಸಿದೆ" ಅಂದವರನ್ನು ನಾನು ತಪ್ಪದೆ ಕೇಳುತ್ತೇನೆ, ಮೊದಲು ಎಷ್ಟಿತ್ತು, ಹೇಗೆ ಅಳೆದಿರಿ ಅಂತ. ಅಲ್ಲೇ ಬಹಳ ಜನ ಸೀಲಿಂಗ್ ನೋಡುತ್ತಾರೆ. ಅಳೆದಿಲ್ಲದಿದ್ದರೆ "ಮೊದಲು ತಿಂಗಳ ಕೊನೆಯಲ್ಲಿ ರಾತ್ರಿವರೆಗೆ ಕೂರಬೇಕಿತ್ತು, ಈಗ ಸಂಜೆಗೆ ಮುಗಿಯುತ್ತೆ" ಅನ್ನಿ. ಆ ಮಾತನ್ನು ನಾನು ನಂಬುತ್ತೇನೆ. ಈಗಿನ ಕಂಪನಿಯ ಗುಟ್ಟಿನ ಲೆಕ್ಕ, ವೆಂಡರ್‌ಗಳ ಹೆಸರು ಬಾಯಿಬಿಡಬೇಡಿ, ಅಲ್ಲಿಯದನ್ನು ಇಲ್ಲಿ ಹೇಳುವವರು ನಾಳೆ ಇಲ್ಲಿಯದನ್ನು ಇನ್ನೆಲ್ಲೋ ಹೇಳುತ್ತಾರೆ ಅಂತಲೇ ಅನಿಸುವುದು.

ಮಧ್ಯೆ ಒಂದಷ್ಟು ತಿಂಗಳು ಕೆಲಸ ಇರಲಿಲ್ಲ. ಇಲ್ಲೇ ಹೇಳಬೇಕಾ?

ಬಿಡುವು ಹಳೆಯದಾಗಿದ್ದು, ಆಮೇಲೆ ಮತ್ತೆ ಕೆಲಸ ಮಾಡಿದ್ದರೆ ಇಲ್ಲಿ ತರುವ ಅಗತ್ಯವೇ ಇಲ್ಲ. ಕೇಳಿದರೆ ಹೇಳಿ. ಈಗಲೂ ಕೆಲಸದಲ್ಲಿ ಇಲ್ಲದಿದ್ದರೆ ಮಾತ್ರ ನೀವೇ ಹೇಳಿಬಿಡುವುದು ಒಳ್ಳೆಯದು, "ಈಗ" ಅಂತ ಶುರು ಮಾಡಲು ಬೇರೆ ದಾರಿ ಇಲ್ಲವಲ್ಲ. "ಎಂಟು ತಿಂಗಳ ಹಿಂದಿನವರೆಗೆ ಇಂಥ ಕೆಲಸದಲ್ಲಿದ್ದೆ. ಮನೆಯಲ್ಲಿ ಒಬ್ಬರನ್ನು ನೋಡಿಕೊಳ್ಳಬೇಕಿತ್ತು, ಬಿಟ್ಟೆ. ಈಗ ಅದು ಮುಗಿದಿದೆ, ಪೂರ್ತಿ ಸಮಯ ಕೆಲಸ ಮಾಡಬಲ್ಲೆ." ಇಷ್ಟು ಹೇಳಿ ಕೂಡಲೇ ಕೆಲಸದ ವಿಷಯಕ್ಕೆ ಬನ್ನಿ. ಬಿಡುವಿನ ಬಗ್ಗೆ ಮೂರು ನಾಲ್ಕು ವಾಕ್ಯ ಆದರೆ ಉತ್ತರ ಅದರ ಬಗ್ಗೆಯೇ ಆಗಿಬಿಡುತ್ತೆ, ಮುಂದಿನ ಪ್ರಶ್ನೆಯೂ ಅದೇ ಆಗುತ್ತೆ.

ಕೆಲಸದಿಂದ ತೆಗೆದಿದ್ದರೂ ಅಷ್ಟೇ. "ಇಡೀ ತಂಡವನ್ನು ಮುಚ್ಚಿದರು, ನಾನೂ ಅದರಲ್ಲಿದ್ದೆ." ಹಳೇ ಮ್ಯಾನೇಜರ್ ಮೇಲಿನ ಸಿಟ್ಟನ್ನು ಮೊದಲ ನಿಮಿಷದಲ್ಲೇ ಹೊರಗೆ ತೆಗೆಯಬೇಡಿ, ಎಷ್ಟೇ ನ್ಯಾಯದ್ದಾಗಿದ್ದರೂ.

ಹವ್ಯಾಸ, ಕುಟುಂಬ, ನನ್ನ ಒಳ್ಳೆಯ ಗುಣಗಳು?

ಕುಟುಂಬ ಬೇಡ. ಹವ್ಯಾಸ ಅವರು ಕೇಳಿದರೆ ಮಾತ್ರ. ಗುಣಗಳನ್ನು ಪಟ್ಟಿ ಮಾಡಬೇಡಿ. "ನಾನು ತುಂಬಾ ಜಾಗರೂಕತೆಯಿಂದ ಕೆಲಸ ಮಾಡುತ್ತೇನೆ" ಅಂತ ಎಲ್ಲರೂ ಹೇಳುತ್ತಾರೆ, ಅಜಾಗರೂಕರೂ ಹೇಳುತ್ತಾರೆ. ಎರಡು ಸಲ ಎಂಟ್ರಿ ಆದ ಬಿಲ್ ಹಿಡಿದೆ ಅಂದಾಗ ಆ ಗುಣ ನನಗೆ ತಾನಾಗೇ ಗೊತ್ತಾಗುತ್ತೆ.

ಮೊದಲ ಸುತ್ತು ಎಚ್‌ಆರ್, ಎರಡನೇದು ಮ್ಯಾನೇಜರ್. ಎರಡೂ ಕಡೆ ಒಂದೇ ಉತ್ತರ ನಡೆಯುತ್ತಾ?

ಐದು ನಿಲ್ದಾಣ ಅವೇ, ಎಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೀರಿ ಅನ್ನುವುದು ಬದಲಾಗುತ್ತೆ. ಎಚ್‌ಆರ್‌ನವರಿಗೆ ಪರ್ಚೇಸ್ ಆರ್ಡರ್ ತಾಳೆ ನೋಡುವ ವಿವರ ಬೇಕಿಲ್ಲ. ಎಷ್ಟು ವರ್ಷ, ಯಾವ ಕೆಲಸ, ಯಾಕೆ ಬದಲಾಯಿಸುತ್ತಿದ್ದೀರಿ ಅನ್ನುವುದು ಸ್ಪಷ್ಟ ಇದ್ದರೆ ಸಾಕು. ಮ್ಯಾನೇಜರ್‌ಗೆ ಕೆಲಸದ ಒಳಗಿನ ಮಾತು ಬೇಕು. ಅವರಿಗೆ "ಮೂರೂ ತಾಳೆ ಆಗದ ಬಿಲ್‌ಗಳನ್ನೂ ನಾನೇ ಬಗೆಹರಿಸುತ್ತೇನೆ" ಅನ್ನುವ ಒಂದು ಸಾಲು ಸೇರಿಸಿದರೆ ಕಿವಿ ನೆಟ್ಟಗಾಗುತ್ತೆ. ಅವರ ನಿತ್ಯದ ತಲೆನೋವು ಅದೇ.

ಈಗಷ್ಟೇ ಓದು ಮುಗಿಸಿದ್ದೇನೆ, ಹೇಳಲು ಕೆಲಸವೇ ಇಲ್ಲ.

ಓದಿನಿಂದಲೇ ಶುರು ಮಾಡಿ, ಆದರೆ ಅಂಕಪಟ್ಟಿ ಓದಬೇಡಿ. ಈ ಕೆಲಸಕ್ಕೆ ಹತ್ತಿರವಾದ ಒಂದೇ ಒಂದು ಪ್ರಾಜೆಕ್ಟ್ ಅಥವಾ ಇಂಟರ್ನ್‌ಶಿಪ್ ಆರಿಸಿ, ಅದರಲ್ಲಿ ನೀವು ಸ್ವಂತವಾಗಿ ಮಾಡಿದ ಭಾಗವನ್ನು ಹೇಳಿ. "ನಾಲ್ಕು ಜನ ಸೇರಿ ಮಾಡಿದೆವು, ಲೆಕ್ಕದ ಶೀಟ್ ಪೂರ್ತಿ ನನ್ನದು" ಅನ್ನುವ ಥರ. ಆಮೇಲೆ ಇಲ್ಲಿಗೆ ಯಾಕೆ ಬಂದಿರಿ. ಮುಕ್ಕಾಲು ನಿಮಿಷ ಆದರೂ ನಡೆಯುತ್ತೆ, ಎಳೆಯುವುದು ಬೇಡ.

ಕೊನೆ ಹೇಗೆ ಮಾಡೋದು? ನನ್ನದು ಸುಮ್ನೆ ಕ್ಷೀಣಿಸಿ ನಿಲ್ಲುತ್ತೆ.

"ಅಷ್ಟೇ ಸರ್, ಇನ್ನೇನಿಲ್ಲ" ಅಂತ ನಿಲ್ಲಿಸುವವರು ಬಹಳ. ಅಷ್ಟು ಹೊತ್ತು ಕಟ್ಟಿದ್ದನ್ನು ತಾವೇ ಕೆಡವಿದ ಹಾಗೆ ಕೇಳಿಸುತ್ತೆ. ಕೊನೆಯ ವಾಕ್ಯ ಈ ಕೆಲಸದ ಬಗ್ಗೆ ಇರಲಿ, ಜಾಹೀರಾತಿನಲ್ಲಿ ಇರುವ ಒಂದು ವಿಷಯವನ್ನು ಮುಟ್ಟಲಿ. ಹೇಳಿ, ಬಾಯಿ ಮುಚ್ಚಿ, ಅವರ ಕಡೆ ನೋಡಿ. ಎರಡು ಮೂರು ಸೆಕೆಂಡು ಯಾರೂ ಮಾತಾಡದೇ ಇರಬಹುದು, ಅವರು ಬರೆದುಕೊಳ್ಳುತ್ತಿರುತ್ತಾರೆ. ಆ ಮೌನಕ್ಕೆ ಹೆದರಿ ಮತ್ತೆ ಶುರು ಮಾಡಿದರೆ, ಬೇಡದ್ದೇ ಬಾಯಿಗೆ ಬರುವುದು ಜಾಸ್ತಿ. ನನಗೂ ಹಾಗೇ ಆಗಿತ್ತು. ಮೌನ ತುಂಬಲು ಹೋಗಿ, ನನಗೆ ಟ್ಯಾಕ್ಸ್ ಕೆಲಸ ಅಷ್ಟು ಇಷ್ಟ ಇಲ್ಲ ಅಂತ ಹೇಳಿಬಿಟ್ಟಿದ್ದೆ. ಆ ಕೆಲಸದಲ್ಲಿ ಟ್ಯಾಕ್ಸ್ ಕೂಡ ಇತ್ತು.

"ನಿಮ್ಮ ಕಂಪನಿ ತುಂಬಾ ದೊಡ್ಡದು, ಇಲ್ಲಿ ಬೆಳೆಯಬೇಕು" ಅನ್ನುವುದೂ ಬೇಡ. ಯಾವ ಕಂಪನಿಗೆ ಬೇಕಾದರೂ ಹೇಳಬಹುದಾದ ಮಾತು ಅದು.

ಮಧ್ಯದಲ್ಲೇ ಅವರು ತಡೆದು ಪ್ರಶ್ನೆ ಕೇಳಿದರೆ?

ಒಳ್ಳೆಯದೇ ಆಯಿತು. ಅದಕ್ಕೆ ಉತ್ತರ ಕೊಡಿ, ಉಳಿದದ್ದನ್ನು ಬಿಟ್ಟುಬಿಡಿ. "ನಾನು ಹೇಳುತ್ತಿದ್ದದ್ದು ಮುಗಿಸಿಬಿಡುತ್ತೇನೆ" ಅಂತ ಹಟ ಹಿಡಿಯಬೇಡಿ. ಆದರೆ ಈಗಿನ ಕೆಲಸದ ವಿಷಯ ಮೊದಲೇ ಬಂದಿರಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ. ಹದಿನೈದನೇ ಸೆಕೆಂಡಿಗೆ ತಡೆದರೂ ಮುಖ್ಯವಾದದ್ದು ಅವರ ಕಿವಿಗೆ ಬಿದ್ದಿರುತ್ತೆ.

ಉತ್ತರ ಸರಿಯಾಗಿದೆ ಅಂತ ಮೊದಲೇ ತಿಳಿಯೋದು ಹೇಗೆ?

ನಿಮ್ಮ ಕೆಲಸದ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರಿಗೆ ಹೇಳಿ. ಚೆನ್ನಾಗಿತ್ತಾ ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ಎರಡು ವಿಷಯ ಕೇಳಿ. ನಾನು ಏನು ಕೆಲಸ ಮಾಡುತ್ತೇನೆ ಅಂತ ಅನಿಸಿತು? ನಿನಗೆ ಇದರಲ್ಲಿ ಏನು ಕೇಳಬೇಕು ಅನಿಸುತ್ತೆ? ಮೊದಲನೆಯದಕ್ಕೆ ಅವರು ತಮ್ಮ ಮಾತಿನಲ್ಲಿ ಸರಿಯಾಗಿ ಹೇಳಿದರೆ ಉತ್ತರ ಸ್ಪಷ್ಟ ಇದೆ. ಎರಡನೆಯದಕ್ಕೆ ಅವರು ಹೇಳಿದ್ದು, ನೀವು ಉತ್ತರ ಇಟ್ಟುಕೊಂಡಿರುವ ಜಾಗವೇ ಆಗಿದ್ದರೆ ಉತ್ತರ ತನ್ನ ಕೆಲಸ ಮಾಡುತ್ತಿದೆ. "ಏನೂ ಅನಿಸಲಿಲ್ಲ" ಅಂದರೆ ಚೀಟಿಗೆ ವಾಪಸ್ ಹೋಗಿ.

ಆ ಹುಡುಗಿ ಇದನ್ನು ತನ್ನ ಅಣ್ಣನ ಮುಂದೆ ಹೇಳಿದ್ದಳು. ಅವನು ಮೊದಲು ಕೇಳಿದ್ದೇ "ಒಂದೇ ಬಿಲ್ ಎರಡು ಸಲ ಹೇಗೆ ಎಂಟ್ರಿ ಆಗುತ್ತೆ, ಕಂಪ್ಯೂಟರ್ ಹಿಡಿಯಲ್ವಾ?" ಅಂತ. ಮರುದಿನ ಸಂದರ್ಶನ ಮುಗಿಸಿ ಫೋನ್ ಮಾಡಿದಳು. ಅಲ್ಲಿಯೂ ಮೊದಲ ಪ್ರಶ್ನೆ ಅದೇ ಬಂತಂತೆ. ಅಡ್ಡಗೆರೆಯ ಕಥೆ ಹೇಳಿದಳು, ಮೇಜಿನ ಆ ಕಡೆ ಇದ್ದವರು "ನಮ್ಮಲ್ಲೂ ಹೀಗೇ ಆಗಿದೆ" ಅಂತ ನಕ್ಕರು, ಆಮೇಲೆ ಇಪ್ಪತ್ತು ನಿಮಿಷ ಅದರ ಸುತ್ತಲೇ ಮಾತು ನಡೆಯಿತು.